ಎರಡು ನವೆಂಬರ್ ಒಂದು, ಎರಡೂ ಗುರುವಾರ

ಕನ್ನಡ ನಾಡಿನ ಭಾಗಗಳೆಲ್ಲ ಸೇರಿ ವಿಶಾಲ ಮೈಸೂರು ರಾಜ್ಯವಾದದ್ದು 1956ರ ನವೆಂಬರ್ 1ರಂದು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮೊದಲನೆಯದು ಗುರುವಾರ, ಎರಡನೆಯದೂ ಗುರುವಾರ. ಕಾಕತಾಳೀಯ ಎನಿಸಬಹುದು. ಆದರೆ 1956ರ ಗುರುವಾರ ಗೊತ್ತಿದ್ದವರು ಕ್ಯಾಲೆಂಡರ್ ನೋಡದೆಯೇ 1973ರದ್ದನ್ನು ಅರೆ ನಿಮಿಷದಲ್ಲಿ ಹೇಳಬಹುದಿತ್ತು. 17ಕ್ಕೆ 4 ಕೂಡಿಸಿದರೆ 21. 21 ಎಂದರೆ ಸರಿಯಾಗಿ ಮೂರು ವಾರ. ಲೆಕ್ಕ ಅಷ್ಟೇ.

ಸ್ಪರ್ಧಾತ್ಮಕ ಪರೀಕ್ಷೆಗಳ ಮಾನಸಿಕ ಸಾಮರ್ಥ್ಯದ ಭಾಗದಲ್ಲಿ ಈ ಬಗೆಯ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ‘ಇಂಥ ತಾರೀಖು ಯಾವ ವಾರ?’ ‘ನಾಲ್ಕು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಳ್ಳುಗಳ ನಡುವಿನ ಕೋನ ಎಷ್ಟು?’ ಬ್ಯಾಂಕ್ ಮತ್ತು ರೈಲ್ವೆ ಪರೀಕ್ಷೆ ಬರೆಯುವ ಪದವೀಧರರಿಗೂ ಇದೇ ಪ್ರಶ್ನೆ, ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯುವ ಮಕ್ಕಳಿಗೂ ಇದೇ ಪ್ರಶ್ನೆ. ಸೂತ್ರವನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡೇ ಹೋಗಿರುತ್ತಾರೆ. ಆದರೂ ತಪ್ಪುತ್ತದೆ, ಅದೂ ಹೆಚ್ಚಾಗಿ ಎರಡೇ ಕಡೆ. ಕ್ಯಾಲೆಂಡರ್ ಲೆಕ್ಕದಲ್ಲಿ ಫೆಬ್ರವರಿ 29 ಎಲ್ಲಿ ಬೀಳುತ್ತದೆ ಎಂಬುದನ್ನು ನೋಡದೆ ಎಡವುತ್ತಾರೆ. ಗಡಿಯಾರದ ಲೆಕ್ಕದಲ್ಲಿ ಗಂಟೆ ಮುಳ್ಳೂ ಸರಿಯುತ್ತಿದೆ ಎಂಬುದನ್ನು ಮರೆತು ಎಡವುತ್ತಾರೆ.

ಏಳನ್ನು ಕಳೆಯುತ್ತಾ ಹೋಗುವುದು

ಪ್ರತಿ ವಾರವೂ ಏಳು ದಿನಕ್ಕೊಮ್ಮೆ ಮರಳಿ ಬರುತ್ತದೆ. ಹಾಗಾಗಿ ಎರಡು ದಿನಾಂಕಗಳ ನಡುವೆ ಸಾವಿರ ದಿನವಿರಲಿ, ಲಕ್ಷ ದಿನವಿರಲಿ, ಪೂರ್ತಿ ವಾರಗಳಿಂದ ನಮಗೇನೂ ಆಗಬೇಕಿಲ್ಲ. ಏಳರಿಂದ ಭಾಗಿಸಿ ಉಳಿದ ಶೇಷವನ್ನು ಹಿಡಿದುಕೊಂಡರೆ ಸಾಕು. ಇವತ್ತು ಸೋಮವಾರ ಎಂದುಕೊಳ್ಳಿ. ಇನ್ನು ನೂರು ದಿನಕ್ಕೆ ಯಾವ ವಾರ? ಹದಿನಾಲ್ಕು ಏಳಲಿ 98, ಉಳಿದದ್ದು 2. ಸೋಮವಾರದಿಂದ ಎರಡು ಹೆಜ್ಜೆ ಮುಂದಕ್ಕೆ ಬುಧವಾರ. ಈ ಶೇಷಕ್ಕೆ ಕೋಚಿಂಗ್ ತರಗತಿಗಳಲ್ಲಿ ‘ಆಡ್ ಡೇಸ್’ ಎನ್ನುತ್ತಾರೆ. ಇಲ್ಲಿ ಉಳಿಕೆ ದಿನ ಎಂದು ಕರೆಯೋಣ.

ಸಾಮಾನ್ಯ ವರ್ಷದ 365 ದಿನಗಳಲ್ಲಿ 52 ವಾರ ಹೋಗಿ ಒಂದು ದಿನ ಉಳಿಯುತ್ತದೆ. ಅದಕ್ಕೇ ನಿಮ್ಮ ಹುಟ್ಟುಹಬ್ಬ ಈ ವರ್ಷ ಮಂಗಳವಾರ ಬಂದರೆ ಮುಂದಿನ ವರ್ಷ ಬುಧವಾರಕ್ಕೆ ಜಾರುತ್ತದೆ. ಅಧಿಕ ವರ್ಷದ 366 ದಿನಗಳಲ್ಲಿ ಉಳಿಯುವುದು ಎರಡು ದಿನ, ಆಗ ಎರಡು ವಾರ ಜಾರುತ್ತದೆ.

ಈಗ ನಮ್ಮ ಎರಡು ನವೆಂಬರ್‌ಗಳಿಗೆ ಬರೋಣ. 1956ರಿಂದ 1973ಕ್ಕೆ 17 ವರ್ಷ. ವರ್ಷಕ್ಕೆ ಒಂದರಂತೆ 17 ಉಳಿಕೆ ದಿನ. ನಡುವೆ 1960, 1964, 1968, 1972 ಈ ನಾಲ್ಕು ವರ್ಷಗಳಲ್ಲಿ ಫೆಬ್ರವರಿ 29 ಬಂದುಹೋಗಿದೆ, ಅದಕ್ಕೆ ಇನ್ನೂ 4. ಒಟ್ಟು 21, ಅಂದರೆ ಶೇಷ ಸೊನ್ನೆ. ಆದ್ದರಿಂದ ಗುರುವಾರ ಗುರುವಾರವಾಗಿಯೇ ಉಳಿಯಿತು.

ಇಲ್ಲಿ ಒಂದು ಸಣ್ಣ ಪ್ರಶ್ನೆ ಏಳಬೇಕು. 1956 ಕೂಡ ಅಧಿಕ ವರ್ಷವೇ ಅಲ್ಲವೇ? ಹೌದು. ಅದನ್ನೇಕೆ ಲೆಕ್ಕಕ್ಕೆ ಹಿಡಿಯಲಿಲ್ಲ? ನಾವು ಹೊರಟದ್ದು ನವೆಂಬರ್ 1ರಿಂದ. ಆ ವರ್ಷದ ಫೆಬ್ರವರಿ 29 ಅದಕ್ಕೆ ಎಂಟು ತಿಂಗಳ ಹಿಂದೆಯೇ ಮುಗಿದಿತ್ತು. ಅದು ನಮ್ಮ ದಾರಿಯಲ್ಲಿ ಇಲ್ಲ. ಅದನ್ನೂ ಸೇರಿಸಿಕೊಂಡವರಿಗೆ 22 ಬರುತ್ತದೆ, ಉತ್ತರ ಶುಕ್ರವಾರ ಆಗುತ್ತದೆ. ಪ್ರಶ್ನೆಪತ್ರಿಕೆಯ ನಾಲ್ಕು ಆಯ್ಕೆಗಳಲ್ಲಿ ಆ ಶುಕ್ರವಾರವೂ ಇರುತ್ತದೆ ಎಂದೇ ಇಟ್ಟುಕೊಳ್ಳಿ.

ಅಧಿಕ ದಿನ ದಾರಿಯಲ್ಲಿದೆಯೇ?

‘ಅಧಿಕ ವರ್ಷವಾದರೆ ಎರಡು ದಿನ ಜಾರುತ್ತದೆ’ ಎಂದು ಕಲಿತವರು ಯಾವ ವರ್ಷದಿಂದ ಯಾವ ವರ್ಷಕ್ಕೆ ಎಂಬಲ್ಲಿ ಗೊಂದಲಕ್ಕೆ ಬೀಳುತ್ತಾರೆ. 2024ನ್ನೇ ನೋಡಿ. 2023ರ ಗಣರಾಜ್ಯೋತ್ಸವ ಗುರುವಾರ ಇತ್ತು. 2024ರದ್ದು ಶುಕ್ರವಾರ. 2024 ಅಧಿಕ ವರ್ಷವಾದರೂ ಜಾರಿದ್ದು ಒಂದೇ ದಿನ. ಆದರೆ ಸ್ವಾತಂತ್ರ್ಯೋತ್ಸವ 2023ರಲ್ಲಿ ಮಂಗಳವಾರ ಇದ್ದದ್ದು 2024ರಲ್ಲಿ ಗುರುವಾರಕ್ಕೆ ಬಂತು. ಅದು ಜಾರಿದ್ದು ಎರಡು ದಿನ. ಜನವರಿ 26ರಿಂದ ಜನವರಿ 26ರವರೆಗಿನ ದಾರಿಯಲ್ಲಿ ಫೆಬ್ರವರಿ 29 ಸಿಗಲಿಲ್ಲ, ಆಗಸ್ಟ್ 15ರಿಂದ ಆಗಸ್ಟ್ 15ರವರೆಗಿನ ದಾರಿಯಲ್ಲಿ ಸಿಕ್ಕಿತು. ಗಣರಾಜ್ಯೋತ್ಸವಕ್ಕೆ ಅದರ ಲೆಕ್ಕ ಸಂದದ್ದು ಮುಂದಿನ ವರ್ಷ: 2025ರಲ್ಲಿ ಅದು ಶುಕ್ರವಾರದಿಂದ ಭಾನುವಾರಕ್ಕೆ ಹಾರಿತು.

ಹಾಗಾಗಿ ನಿಯಮವನ್ನು ಹೀಗೆ ನೆನಪಿಟ್ಟುಕೊಳ್ಳುವುದು ಕ್ಷೇಮ: ಎಷ್ಟು ವರ್ಷವೋ ಅಷ್ಟು ದಿನ ಮುಂದಕ್ಕೆ, ದಾರಿಯಲ್ಲಿ ಎಷ್ಟು ಫೆಬ್ರವರಿ 29 ಸಿಕ್ಕಿತೋ ಅಷ್ಟು ದಿನ ಮತ್ತೂ ಮುಂದಕ್ಕೆ. ವರ್ಷ ಅಧಿಕವೋ ಅಲ್ಲವೋ ಎಂದು ಕೇಳುವುದಕ್ಕಿಂತ ಆ ಒಂದು ದಿನ ನಮ್ಮ ಎರಡು ದಿನಾಂಕಗಳ ನಡುವೆ ಇದೆಯೇ ಎಂದು ಕೇಳಬೇಕು.

ಹಳೆಯ ಕ್ಯಾಲೆಂಡರ್ ಮತ್ತೆ ಯಾವ ವರ್ಷಕ್ಕೆ ಹೊಂದುತ್ತದೆ ಎಂಬ ಪ್ರಶ್ನೆಯಲ್ಲೂ ಇದೇ ಗುಟ್ಟು. 2026ರ ಕ್ಯಾಲೆಂಡರನ್ನು ತೆಗೆದಿಟ್ಟರೆ ಮತ್ತೆ ಯಾವಾಗ ಗೋಡೆಗೆ ಹಾಕಬಹುದು? ಆರು ವರ್ಷಕ್ಕೆ 6, ನಡುವೆ 2028ರ ಅಧಿಕ ದಿನಕ್ಕೆ 1, ಒಟ್ಟು 7. ಹಾಗಾದರೆ 2032 ಎಂದು ಬಹಳ ಮಂದಿ ಗುರುತು ಹಾಕುತ್ತಾರೆ. 2032ರ ಜನವರಿ 1 ಗುರುವಾರವೇ, 2026ರದ್ದೂ ಗುರುವಾರವೇ. ಆದರೆ 2032 ಅಧಿಕ ವರ್ಷ. ಫೆಬ್ರವರಿ ಮುಗಿಯುತ್ತಿದ್ದಂತೆ ಎರಡೂ ಕ್ಯಾಲೆಂಡರ್‌ಗಳ ಹೊಂದಿಕೆ ತಪ್ಪಿಹೋಗುತ್ತದೆ. ಸರಿಯಾದ ಉತ್ತರ 2037: ಹನ್ನೊಂದು ವರ್ಷಕ್ಕೆ 11, ಜೊತೆಗೆ 2028, 2032, 2036ರ ಮೂರು ಅಧಿಕ ದಿನ, ಒಟ್ಟು 14. ಶೇಷ ಸೊನ್ನೆ ಬಂದರಷ್ಟೇ ಸಾಲದು, ಎರಡೂ ವರ್ಷಗಳ ಜಾತಿ ಒಂದೇ ಇರಬೇಕು.

ಶತಮಾನಗಳ ಶೇಷ

ಹತ್ತಿರದ ಯಾವುದೋ ದಿನಾಂಕದ ವಾರ ಗೊತ್ತಿದ್ದರೆ ಮೇಲಿನಷ್ಟೇ ಸಾಕು. ಪ್ರಶ್ನೆಯಲ್ಲಿ ಅಂಥ ಆಸರೆ ಕೊಡದಿದ್ದರೆ ಕ್ರಿಸ್ತಶಕದ ಮೊದಲ ದಿನದಿಂದಲೇ ಎಣಿಸಿಕೊಂಡು ಬರಬೇಕು. ಆಗ ನೂರು ನೂರು ವರ್ಷಗಳನ್ನು ಒಟ್ಟಿಗೆ ದಾಟುವುದು ಸುಲಭ.

ನೂರು ವರ್ಷದಲ್ಲಿ ಅಧಿಕ ವರ್ಷಗಳು 25 ಅಲ್ಲ, 24. ನಾಲ್ಕರಿಂದ ಭಾಗವಾಗುವ ವರ್ಷ ಅಧಿಕ ವರ್ಷ ಎಂಬ ನಿಯಮಕ್ಕೆ ಶತಮಾನದ ವರ್ಷಗಳಲ್ಲಿ ಒಂದು ತಡೆ ಇದೆ: ಅವು 400ರಿಂದ ಭಾಗವಾಗಬೇಕು. 1600 ಮತ್ತು 2000 ಅಧಿಕ ವರ್ಷಗಳು. 1700, 1800, 1900 ಅಲ್ಲ. ಆದ್ದರಿಂದ ಮೊದಲ ನೂರು ವರ್ಷಕ್ಕೆ 100ರ ಜೊತೆ 24 ಕೂಡಿ 124. ಏಳರಿಂದ ಭಾಗಿಸಿದರೆ ಶೇಷ 5. ಇನ್ನೂರಕ್ಕೆ ಅದರ ಎರಡರಷ್ಟು 10, ಶೇಷ 3. ಮುನ್ನೂರಕ್ಕೆ 15, ಶೇಷ 1. ನಾನೂರಕ್ಕೆ 20, ಜೊತೆಗೆ ನಾನೂರನೇ ವರ್ಷದ ಅಧಿಕ ದಿನ ಒಂದು, ಒಟ್ಟು 21, ಶೇಷ 0. ಐದು, ಮೂರು, ಒಂದು, ಸೊನ್ನೆ. ಬಾಯಿಪಾಠ ಮಾಡಲೇಬೇಕಾದ ಅಂಕಿಗಳು ಇವಿಷ್ಟೇ.

ನಾನೂರು ವರ್ಷಕ್ಕೆ ಶೇಷ ಸೊನ್ನೆ ಎಂದರೆ ಏನು? ಆ ಅವಧಿಯ 1,46,097 ದಿನಗಳು ಸರಿಯಾಗಿ 20,871 ವಾರಗಳಾಗುತ್ತವೆ, ಒಂದು ದಿನವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾಗಿ ನಮ್ಮ ಕ್ಯಾಲೆಂಡರ್ ನಾನೂರು ವರ್ಷಕ್ಕೊಮ್ಮೆ ವಾರಸಮೇತ ಮರುಕಳಿಸುತ್ತದೆ. ‘ಶತಮಾನದ ಕೊನೆಯ ದಿನ ಯಾವ ವಾರ ಬರಲು ಸಾಧ್ಯವಿಲ್ಲ?’ ಎಂಬ ಮೆಚ್ಚಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಭಾನುವಾರಕ್ಕೆ 0, ಸೋಮವಾರಕ್ಕೆ 1 ಎಂದು ಎಣಿಸಿಕೊಂಡು ಹೋದರೆ 5, 3, 1, 0 ಎಂದರೆ ಶುಕ್ರ, ಬುಧ, ಸೋಮ, ಭಾನು. ಮಂಗಳವಾರ, ಗುರುವಾರ, ಶನಿವಾರ ಶತಮಾನದ ಕೊನೆಯ ದಿನವಾಗಿ ಎಂದೂ ಬರುವುದಿಲ್ಲ.

ಕುವೆಂಪು ಹುಟ್ಟಿದ ವಾರ

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು. ಯಾವ ವಾರ?

ಮೊದಲು ಪೂರ್ತಿ ಮುಗಿದ ವರ್ಷಗಳನ್ನು ಹಿಡಿಯಬೇಕು. 1904 ಇನ್ನೂ ನಡೆಯುತ್ತಿರುವ ವರ್ಷ, ಆದ್ದರಿಂದ ಮುಗಿದದ್ದು 1903. ಅದನ್ನು 1600, 300, 3 ಎಂದು ಒಡೆಯೋಣ. 1600 ಎಂದರೆ ನಾಲ್ಕು ನಾನೂರು, ಶೇಷ 0. ಮುನ್ನೂರಕ್ಕೆ 1. ಉಳಿದ 1901, 1902, 1903 ಮೂರೂ ಸಾಮಾನ್ಯ ವರ್ಷಗಳು, ಅವಕ್ಕೆ 3. ಇಲ್ಲಿಗೆ 4 ಆಯಿತು.

ಇನ್ನು 1904ರಲ್ಲಿ ಡಿಸೆಂಬರ್ 29ರವರೆಗಿನ ದಿನಗಳು. ಜನವರಿಯಿಂದ ಒಂದೊಂದೇ ತಿಂಗಳು ಕೂಡಿಸಬಹುದು. ಆದರೆ ದಿನಾಂಕ ವರ್ಷದ ತುದಿಯಲ್ಲಿರುವಾಗ ಹಿಂದಿನಿಂದ ಎಣಿಸುವುದು ಜಾಣತನ. 1904 ಅಧಿಕ ವರ್ಷ, ಒಟ್ಟು 366 ದಿನ. ಡಿಸೆಂಬರ್ 29ರ ನಂತರ ಉಳಿದದ್ದು 30 ಮತ್ತು 31, ಎರಡು ದಿನ. ಅಲ್ಲಿಗೆ 364. ಅದು ಸರಿಯಾಗಿ 52 ವಾರ, ಶೇಷ 0. ಒಟ್ಟು ಮೊತ್ತ 4. ಭಾನುವಾರ ಸೊನ್ನೆಯಾದರೆ ನಾಲ್ಕು ಗುರುವಾರ. ಕುವೆಂಪು ಹುಟ್ಟಿದ್ದು ಗುರುವಾರ.

ತಪ್ಪಿದ್ದರೆ ಎಲ್ಲಿ ತಪ್ಪುತ್ತಿತ್ತು? 1904ನ್ನು ಸಾಮಾನ್ಯ ವರ್ಷ ಎಂದುಕೊಂಡವರಿಗೆ 363 ಸಿಗುತ್ತದೆ, ಶೇಷ 6, ಮೊತ್ತ 10, ಅಂದರೆ 3: ಬುಧವಾರ. 1900ನ್ನು ಅಧಿಕ ವರ್ಷ ಎಂದುಕೊಂಡವರಿಗೆ ಒಂದು ದಿನ ಹೆಚ್ಚಾಗಿ ಶುಕ್ರವಾರ. ಮುಗಿದ ವರ್ಷ 1903 ಎನ್ನುವ ಬದಲು 1904 ಎಂದು ಹಿಡಿದವರಿಗೆ ಆ ವರ್ಷದ ಎರಡು ಉಳಿಕೆ ದಿನ ಎರಡೆರಡು ಸಲ ಸೇರಿ ಶನಿವಾರ. ಬುಧ, ಗುರು, ಶುಕ್ರ, ಶನಿ: ನಾಲ್ಕು ಆಯ್ಕೆಗಳು ತಾವಾಗಿಯೇ ಸಿದ್ಧವಾದವು. ಇಂಥ ಲೆಕ್ಕದಲ್ಲಿ ತಪ್ಪು ಉತ್ತರ ಸರಿ ಉತ್ತರದ ಅಕ್ಕಪಕ್ಕದಲ್ಲೇ ಇರುತ್ತದೆ, ಆದ್ದರಿಂದ ಅಂದಾಜು ನಡೆಯುವುದಿಲ್ಲ.

ಉತ್ತರವನ್ನು ಬೇರೆ ದಾರಿಯಿಂದ ತಾಳೆ ನೋಡುವುದಕ್ಕೆ ಬ್ರಿಟಿಷ್ ಗಣಿತಜ್ಞ ಜಾನ್ ಕಾನ್ವೆ ರೂಪಿಸಿದ ‘ಡೂಮ್ಸ್‌ಡೇ’ ಎಂಬ ವಿಧಾನ ಒಳ್ಳೆಯದು. ಯಾವುದೇ ವರ್ಷದಲ್ಲಿ ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12 ಈ ಐದೂ ಒಂದೇ ವಾರ ಬರುತ್ತವೆ. ಕಾರಣ ಸರಳ. ಈ ಸರಣಿಯಲ್ಲಿ ಒಂದರಿಂದ ಮುಂದಿನದಕ್ಕೆ ಹೋಗುವಾಗ ಒಂದು 30ರ ತಿಂಗಳು, ಒಂದು 31ರ ತಿಂಗಳು, ಮೇಲೆ ಎರಡು ದಿನ ದಾಟುತ್ತೇವೆ. ಒಟ್ಟು 63 ದಿನ, ಒಂಬತ್ತು ವಾರ. ಎಲ್ಲವೂ ಫೆಬ್ರವರಿಯ ನಂತರದ ದಿನಾಂಕಗಳಾದ್ದರಿಂದ ಅಧಿಕ ವರ್ಷದ ಕಾಟವೂ ಇಲ್ಲ. 1904ರಲ್ಲಿ ಈ ದಿನಗಳೆಲ್ಲ ಸೋಮವಾರ. ಡಿಸೆಂಬರ್ 12 ಸೋಮವಾರವಾದರೆ 26 ಸೋಮವಾರ, 29 ಗುರುವಾರ. ತಾಳೆಯಾಯಿತು.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ವೇದಿಕೆಯ ಮೇಲೆ ನಿಂತು, ಸಭಿಕರು ಹೇಳಿದ ದಿನಾಂಕಕ್ಕೆ ತಕ್ಷಣ ವಾರ ಹೇಳುತ್ತಿದ್ದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ದಾಖಲೆಯಾಗಿದೆ. ಆ ಗುಣಾಕಾರ ನಮ್ಮ ನಿಮ್ಮ ಕೈಗೆ ಎಟುಕದು. ಆದರೆ ಆ ದಿನ ಬುಧವಾರ ಎಂಬುದನ್ನು ಕಾಗದ ಮುಟ್ಟದೆ ಕಂಡುಹಿಡಿಯಬಹುದು: 1980ರ ಜೂನ್ 6 ಶುಕ್ರವಾರ, 20 ಶುಕ್ರವಾರ, 18 ಬುಧವಾರ.

ಸೂತ್ರ ಕೈಕೊಡುವ ಜಾಗ

ಈ ವಿಧಾನವನ್ನು ಹಿಡಿದು ಇತಿಹಾಸದ ಪುಸ್ತಕಕ್ಕೆ ಕೈಹಾಕಿದರೆ ಒಂದು ಎಲ್ಲೆ ಎದುರಾಗುತ್ತದೆ. ವಿಜಯನಗರದ ಪತನಕ್ಕೆ ಕಾರಣವಾದ ತಾಳಿಕೋಟೆ ಯುದ್ಧಕ್ಕೆ ಸಾಮಾನ್ಯವಾಗಿ ಕೊಡುವ ದಿನಾಂಕ 1565ರ ಜನವರಿ 23. ಸೂತ್ರ ಹಾಕಿ ನೋಡಿ. ಮುಗಿದದ್ದು 1564 ವರ್ಷ. 1200ಕ್ಕೆ 0, ಮುನ್ನೂರಕ್ಕೆ 1, ಉಳಿದ 64 ವರ್ಷಕ್ಕೆ 64ರ ಜೊತೆ 16 ಅಧಿಕ ದಿನ ಸೇರಿ 80, ಶೇಷ 3. ಜನವರಿಯ 23 ದಿನಕ್ಕೆ 2. ಒಟ್ಟು 6, ಶನಿವಾರ. ಆದರೆ ಆ ದಿನ ಶನಿವಾರವಲ್ಲ, ಮಂಗಳವಾರ.

ಲೆಕ್ಕದಲ್ಲಿ ತಪ್ಪಿಲ್ಲ, ಕ್ಯಾಲೆಂಡರ್ ಬೇರೆ. ನಾವು ಬಳಸುವ ಅಧಿಕ ವರ್ಷದ ನಿಯಮ ಜಾರಿಗೆ ಬಂದದ್ದೇ 1582ರಲ್ಲಿ, ಪೋಪ್ 13ನೇ ಗ್ರೆಗರಿಯ ಆಜ್ಞೆಯಿಂದ. ಅದಕ್ಕೂ ಮೊದಲಿದ್ದ ಜೂಲಿಯನ್ ಕ್ಯಾಲೆಂಡರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ವರ್ಷ. 100, 400ರ ತಡೆ ಇರಲಿಲ್ಲ. ಅದರ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ನಿಮಿಷ ಉದ್ದ. ಶತಮಾನಗಳು ಕಳೆದಂತೆ ಆ ನಿಮಿಷಗಳೇ ದಿನಗಳಾಗಿ ಬೆಳೆದವು. ಅದನ್ನು ಸರಿಪಡಿಸಲು 1582ರ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆದರು. ಹತ್ತು ತಾರೀಖುಗಳು ಹೋದವು, ವಾರದ ಸರಣಿ ಮಾತ್ರ ತುಂಡಾಗಲಿಲ್ಲ: 4 ಗುರುವಾರ, ಮರುದಿನ 15 ಶುಕ್ರವಾರ. ಬ್ರಿಟನ್ ಮತ್ತು ಅದರ ವಸಾಹತುಗಳು ಈ ಬದಲಾವಣೆಯನ್ನು ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2 ಬುಧವಾರದ ಮರುದಿನ ಸೆಪ್ಟೆಂಬರ್ 14 ಗುರುವಾರ.

ಈ ಒಂದು ಗುರುವಾರ ಹಿಡಿದು ತಾಳಿಕೋಟೆಗೆ ಹಿಂದಕ್ಕೆ ನಡೆಯಬಹುದು. 1582ರ ಜನವರಿ 23ರಿಂದ ಅಕ್ಟೋಬರ್ 4ಕ್ಕೆ 254 ದಿನ, ಶೇಷ 2. ಗುರುವಾರದಿಂದ ಎರಡು ದಿನ ಹಿಂದಕ್ಕೆ ಹೋದರೆ ಮಂಗಳವಾರ. ಅಲ್ಲಿಂದ 1565ರ ಜನವರಿ 23ಕ್ಕೆ 17 ವರ್ಷ, ನಡುವೆ 1568, 1572, 1576, 1580 ನಾಲ್ಕು ಅಧಿಕ ದಿನ. 17 ಮತ್ತು 4, ಮತ್ತೆ 21. ಆದ್ದರಿಂದ ಅದೂ ಮಂಗಳವಾರ.

ತಾರೀಖು ಬದಲಾದರೂ ವಾರ ತುಂಡಾಗದು ಎಂಬ ಈ ಗುಣವೇ ಶಾಸನ ಓದುವವರಿಗೆ ನೆರವಾಗಿದೆ. ನಮ್ಮ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಜೊತೆಗೆ ಬಹಳ ಕಡೆ ವಾರವನ್ನೂ ಕೆತ್ತಿರುತ್ತಾರೆ. ತಿಥಿಯಿಂದ ಇಂಗ್ಲಿಷ್ ತಾರೀಖು ಲೆಕ್ಕಹಾಕಿ, ಅದು ಶಾಸನ ಹೇಳುವ ವಾರವೇ ಹೌದೇ ಎಂದು ನೋಡುತ್ತಾರೆ. ಹೊಂದಿದರೆ ಲೆಕ್ಕ ಸರಿ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಹೊಂದದಿದ್ದರೆ ವರ್ಷ ಹಿಡಿದದ್ದು ತಪ್ಪೋ, ಅಕ್ಷರ ಓದಿದ್ದು ತಪ್ಪೋ, ಶಾಸನವೇ ಅನುಮಾನದ್ದೋ ಎಂದು ಮತ್ತೆ ಪರಿಶೀಲಿಸಬೇಕಾಗುತ್ತದೆ. ಏಳರಿಂದ ಭಾಗಿಸಿ ಶೇಷ ನೋಡುವ ಪದ್ಧತಿ ನಮ್ಮ ಸಿದ್ಧಾಂತ ಗ್ರಂಥಗಳಿಗೂ ಹೊಸದಲ್ಲ. ಕಲಿಯುಗದ ಆರಂಭದಿಂದ ಎಣಿಸಿದ ದಿನಗಳ ಮೊತ್ತಕ್ಕೆ ಅಹರ್ಗಣ ಎಂದು ಹೆಸರು. ಆ ಆರಂಭ ಶುಕ್ರವಾರ ಎಂದು ಹಿಡಿದು, ಅಹರ್ಗಣವನ್ನು ಏಳರಿಂದ ಭಾಗಿಸಿ ವಾರವನ್ನು ತಾಳೆ ನೋಡುತ್ತಿದ್ದರು.

ಗಂಟೆ ಮುಳ್ಳು ಸುಮ್ಮನೆ ನಿಂತಿಲ್ಲ

ಕ್ಯಾಲೆಂಡರಿನಲ್ಲಿ ಸುತ್ತು ಏಳರದ್ದು, ಗಡಿಯಾರದಲ್ಲಿ 360 ಡಿಗ್ರಿಯದ್ದು. ಇಲ್ಲೂ ಪೂರ್ತಿ ಸುತ್ತನ್ನು ಬಿಟ್ಟು ಉಳಿದ ಅಂತರವನ್ನೇ ನೋಡುವುದು. ವ್ಯತ್ಯಾಸವೆಂದರೆ ಇಲ್ಲಿ ಎರಡು ಮುಳ್ಳುಗಳು ಒಟ್ಟಿಗೆ ಓಡುತ್ತಿರುತ್ತವೆ. ನಿಮಿಷದ ಮುಳ್ಳು 60 ನಿಮಿಷದಲ್ಲಿ 360 ಡಿಗ್ರಿ ಸುತ್ತುತ್ತದೆ, ನಿಮಿಷಕ್ಕೆ 6 ಡಿಗ್ರಿ. ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿಯುವುದು 30 ಡಿಗ್ರಿ, ನಿಮಿಷಕ್ಕೆ ಅರ್ಧ ಡಿಗ್ರಿ. ಆದ್ದರಿಂದ ನಿಮಿಷದ ಮುಳ್ಳು ಗಂಟೆ ಮುಳ್ಳಿಗಿಂತ ಪ್ರತಿ ನಿಮಿಷಕ್ಕೆ ಐದೂವರೆ ಡಿಗ್ರಿ ಮುಂದೆ ಹೋಗುತ್ತದೆ. ಗಡಿಯಾರದ ಕೋನದ ಲೆಕ್ಕಗಳೆಲ್ಲ ಈ ಐದೂವರೆಯ ಮೇಲೆಯೇ ನಿಂತಿವೆ.

ಮೂರೂ ಕಾಲು ಗಂಟೆಯಲ್ಲಿ ಎರಡೂ ಮುಳ್ಳು ಮೂರರ ಮೇಲೆ ಇರುತ್ತವೆ, ಕೋನ ಸೊನ್ನೆ ಎಂದು ಹೇಳಿಬಿಡುವವರು ಬಹಳ. ನಿಮಿಷದ ಮುಳ್ಳು ಮೂರಕ್ಕೆ ಬರುವಷ್ಟರಲ್ಲಿ ಗಂಟೆ ಮುಳ್ಳು ಮೂರನ್ನು ಬಿಟ್ಟು ಹದಿನೈದು ನಿಮಿಷ ನಡೆದಿದೆ. ನಿಮಿಷಕ್ಕೆ ಅರ್ಧದಂತೆ ಏಳೂವರೆ ಡಿಗ್ರಿ. ಅದೇ ಉತ್ತರ. ಸೂತ್ರವಾಗಿ ಬರೆದರೆ, H ಗಂಟೆ, M ನಿಮಿಷ:

```
|30 × H − 5.5 × M|
```

ನಾಲ್ಕು ಇಪ್ಪತ್ತಕ್ಕೆ 120ರಲ್ಲಿ 110 ಕಳೆದು 10 ಡಿಗ್ರಿ. ವಾಚ್ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ತೋರಿಸುವ ಹತ್ತು ಹತ್ತಕ್ಕೆ 300ರಲ್ಲಿ 55 ಕಳೆದು 245. ಇದು 180ಕ್ಕಿಂತ ಹೆಚ್ಚಾದ್ದರಿಂದ ಸುತ್ತಿನ ಆ ಬದಿಯ ಕೋನ. ಪ್ರಶ್ನೆ ಕೇಳುವುದು ಸಾಮಾನ್ಯವಾಗಿ ಚಿಕ್ಕ ಕೋನವನ್ನು, ಆದ್ದರಿಂದ 360ರಲ್ಲಿ 245 ಕಳೆದು 115 ಡಿಗ್ರಿ.

ಇದೇ ಐದೂವರೆಯನ್ನು ತಿರುಗಿಸಿ ಹಿಡಿದರೆ ಮುಳ್ಳುಗಳು ಕೂಡುವ ಹೊತ್ತೂ ಸಿಗುತ್ತದೆ. ನಾಲ್ಕು ಗಂಟೆಗೆ ನಿಮಿಷದ ಮುಳ್ಳು 120 ಡಿಗ್ರಿ ಹಿಂದಿದೆ. ಅದನ್ನು ನಿಮಿಷಕ್ಕೆ ಐದೂವರೆಯಂತೆ ತುಂಬಲು ಬೇಕಾದದ್ದು 120ನ್ನು 5.5ರಿಂದ ಭಾಗಿಸಿದಷ್ಟು, ಅಂದರೆ 21 ನಿಮಿಷ ಮತ್ತು ಒಂದು ನಿಮಿಷದ 11ರಲ್ಲಿ 9 ಭಾಗ. ನಾಲ್ಕು ಇಪ್ಪತ್ತಕ್ಕೇ ಕೂಡುತ್ತವೆ ಎಂದು ತೋರಿದರೂ ಇನ್ನೂ 10 ಡಿಗ್ರಿ ಬಾಕಿ ಇದ್ದದ್ದನ್ನು ಈಗಷ್ಟೇ ನೋಡಿದೆವು.

ಹನ್ನೆರಡು ಗಂಟೆಯಲ್ಲಿ ಮುಳ್ಳುಗಳು ಎಷ್ಟು ಸಲ ಕೂಡುತ್ತವೆ? ಗಂಟೆಗೊಮ್ಮೆಯಂತೆ 12 ಎಂಬುದು ಅವಸರದ ಉತ್ತರ. ಆ ಅವಧಿಯಲ್ಲಿ ನಿಮಿಷದ ಮುಳ್ಳು 12 ಸುತ್ತು ಹೊಡೆಯುತ್ತದೆ, ಗಂಟೆ ಮುಳ್ಳು ತಾನೂ ಒಂದು ಸುತ್ತು ಹೊಡೆದಿರುತ್ತದೆ. ಮುಂದೆ ಹೋದದ್ದು 11 ಸುತ್ತು ಮಾತ್ರ, ಆದ್ದರಿಂದ ಕೂಡುವುದು 11 ಸಲ, ದಿನಕ್ಕೆ 22. ಹನ್ನೊಂದು ಮತ್ತು ಹನ್ನೆರಡರ ನಡುವೆ ಅವು ಕೂಡುವುದೇ ಇಲ್ಲ, ಹನ್ನೆರಡಕ್ಕೆ ಸರಿಯಾಗಿ ಕೂಡುತ್ತವೆ. ಲಂಬಕೋನವೂ ಹಾಗೆಯೇ. ನಿಮಿಷದ ಮುಳ್ಳು ಮುಂದೆ ಹೋದ ಪ್ರತಿ ಸುತ್ತಿಗೆ ಎರಡು ಸಲ 90 ಡಿಗ್ರಿ ಬರುತ್ತದೆ, 11 ಸುತ್ತಿಗೆ 22, ದಿನಕ್ಕೆ 44. ಗಂಟೆಗೆ ಎರಡರಂತೆ 48 ಎಂದವರು ಮೂರು ಗಂಟೆ ಮತ್ತು ಒಂಬತ್ತು ಗಂಟೆಯ ಲಂಬಕೋನವನ್ನು ಎರಡೆರಡು ಸಲ ಎಣಿಸಿರುತ್ತಾರೆ. ಎರಡರಿಂದ ಮೂರರೊಳಗೆ ನಿಜವಾಗಿ ಸಿಗುವ ಲಂಬಕೋನ ಒಂದೇ, ಎರಡನೆಯದು ಸರಿಯಾಗಿ ಮೂರು ಗಂಟೆಗೆ ಬರುತ್ತದೆ.

ಪರೀಕ್ಷೆಗೆ ಕೂರುವವರು ಸೂತ್ರಕ್ಕೆ ಕೈಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಲಿ. ದಿನಾಂಕವಾದರೆ: ದಾರಿಯಲ್ಲಿ ಎಷ್ಟು ಫೆಬ್ರವರಿ 29 ಇವೆ? ಗಡಿಯಾರವಾದರೆ: ಇಷ್ಟರಲ್ಲಿ ಗಂಟೆ ಮುಳ್ಳು ಎಷ್ಟು ಸರಿದಿದೆ? ಅಭ್ಯಾಸಕ್ಕೆ ಬೇರೆ ಪುಸ್ತಕ ಬೇಕಿಲ್ಲ. ಮನೆಯವರ ಹುಟ್ಟಿದ ತಾರೀಖುಗಳನ್ನು ಬರೆದುಕೊಂಡು ವಾರ ಕಂಡುಹಿಡಿಯಿರಿ. ಮನೆಯಲ್ಲಿ ಜಾತಕ ಬರೆಸಿಟ್ಟಿದ್ದರೆ ಅದರಲ್ಲಿ ವಾರವೂ ಇರುತ್ತದೆ, ತಾಳೆ ನೋಡಿ. ಇನ್ನು ಪರೀಕ್ಷೆಯಲ್ಲಿ 1582ಕ್ಕಿಂತ ಹಿಂದಿನ ದಿನಾಂಕ ಕೊಟ್ಟು ವಾರ ಕೇಳಿದರೆ, ಸೂತ್ರ ಕೊಡುವ ಉತ್ತರವನ್ನೇ ಗುರುತು ಮಾಡಿ. ಅಂಕ ಸಿಗುವುದು ಅದಕ್ಕೆ. ಇತಿಹಾಸ ಬರೆಯುವಾಗ ಮಾತ್ರ ಆ ಉತ್ತರವನ್ನು ನಂಬಬೇಡಿ.